ಆಮೆ ಎಷ್ಟು ತಿರುಗಬೇಕು?

ಎಂಟನೇ ತರಗತಿಗೆ ಮೊದಲ ಕೋಡಿಂಗ್ ಪಾಠ. "ಬನ್ನಿ ಮಕ್ಕಳೇ. ತೆರೆ ಮೇಲಿರೋ ಈ ಆಮೆಗೆ ನೀವು ಹೇಳಿದ್ದಷ್ಟೇ ಗೊತ್ತು, ನಿಮ್ಮ ಮನಸ್ಸಲ್ಲಿರೋದು ಗೊತ್ತಾಗಲ್ಲ" ಎನ್ನುತ್ತ ಟೀಚರ್ ಒಂದು ಸಾಲು ಟೈಪ್ ಮಾಡಿದರು.

```
REPEAT 4 [FD 100 RT 90]
```

ನೂರು ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ. ಹೀಗೆ ನಾಲ್ಕು ಸಲ. ಚೌಕ ಮೂಡಿತು. 1967ರಲ್ಲಿ ಸೆಮೂರ್ ಪೇಪರ್ಟ್ ಮತ್ತು ಸಂಗಡಿಗರು ಮಕ್ಕಳಿಗೆಂದೇ ರೂಪಿಸಿದ ಲೋಗೋ ಭಾಷೆ ಇದು.

"ಈಗ ತ್ರಿಕೋನ ಬರೀರಿ. ತಪ್ಪಾದ್ರೆ ಅಳಿಸಬೇಡಿ, ನನಗೆ ತೋರಿಸಿ."

ಗಣಿತ ಪಾಠ ನೆನೆದ ಮಕ್ಕಳು 3 ಮತ್ತು 60 ಹಾಕಿದರು. ಗೆರೆ ಕೂಡಲೇ ಇಲ್ಲ. ಅರ್ಧ ಷಡ್ಭುಜ ಬಾಯ್ದೆರೆದು ನಿಂತಿತು! 60 ತ್ರಿಕೋನದ ಒಳಕೋನ, ಆಮೆ ತಿರುಗುವುದು ಹೊರಕೋನದಷ್ಟು. ಮೂರು ತಿರುವಿನಲ್ಲಿ ಪೂರ್ತಿ ಸುತ್ತು, ಅಂದರೆ 360 ಡಿಗ್ರಿ, ಮುಗಿಯಬೇಕು. ಭಾಗಿಸಿ 120 ಹಾಕಿದಾಗ ತ್ರಿಕೋನ ಮುಚ್ಚಿಕೊಂಡಿತು.