‘ಅಕ್ಕಾ, ಕಾರ್ಪೊರೇಷನ್ ಬಂತಾ?’

ಸಂಜೆ ಆಫೀಸು ಬಿಡುವ ಹೊತ್ತಿನಲ್ಲಿ ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಹೊರಟ ಬಸ್ಸಿನಲ್ಲಿ ಮೈಗೆ ಮೈ ತಗುಲದೆ ನಿಲ್ಲಲು ಯಾರಿಗೂ ಆಗುವುದಿಲ್ಲ. ಕಿರುಕುಳ ಕೊಡುವವನಿಗೆ ಬೇಕಾದದ್ದೂ ಇದೇ. ಕೇಳಿದರೆ ‘ರಶ್ ಇದೆ, ಏನ್ ಮಾಡ್ಲಿ’ ಎನ್ನಬಹುದು. ಆದರೆ ನೂಕುನುಗ್ಗಲಿಗೂ ಕಿರುಕುಳಕ್ಕೂ ಇರುವ ವ್ಯತ್ಯಾಸ ಕಣ್ಣಿಟ್ಟು ನೋಡಿದವರಿಗೆ ಕಾಣುತ್ತದೆ. ಡ್ರೈವರ್ ಬ್ರೇಕ್ ಒತ್ತಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರೆ, ಮರುಕ್ಷಣ ತಂತಮ್ಮ ಜಾಗಕ್ಕೆ ಮರಳುತ್ತಾರೆ. ಇವನೊಬ್ಬ ಮರಳುವುದಿಲ್ಲ. ಮುಂದೆ ನಿಂತ ಹೆಂಗಸು ಅರ್ಧ ಅಡಿ ಸರಿದರೆ ಇವನೂ ಸರಿಯುತ್ತಾನೆ. ಎರಡು ಸ್ಟಾಪ್ ಕಳೆದು ಜನ ಇಳಿದು ಜಾಗವಾದರೂ ಅಲ್ಲಿಂದ ಕದಲುವುದಿಲ್ಲ. ಅವಳು ಬೆನ್ನಿನ ಬ್ಯಾಗನ್ನು ಇಬ್ಬರ ನಡುವೆ ಗೋಡೆಯಂತೆ ತಂದುಕೊಳ್ಳುತ್ತಾಳೆ, ಮೊಣಕೈ ಚಾಚುತ್ತಾಳೆ, ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಬಿಗಿಯಾಗಿ ನಿಲ್ಲುತ್ತಾಳೆ. ಕೂಗಲಿಲ್ಲವಲ್ಲ ಎಂದು ಅದನ್ನು ಒಪ್ಪಿಗೆಯಾಗಿ ಓದಬಾರದು. ಭಯವಾದಾಗ ಓಡುವುದು, ತಿರುಗಿ ಬೀಳುವುದು ಎಷ್ಟು ಸಹಜವೋ ಮರಗಟ್ಟಿ ನಿಲ್ಲುವುದೂ ಅಷ್ಟೇ ಸಹಜ. ಅದು ದೇಹ ತಾನಾಗಿ ಮಾಡುವ ಕೆಲಸ.

ಇಷ್ಟೆಲ್ಲ ಕಂಡೂ ಸುತ್ತಲಿನ ನಲವತ್ತು ಜನ ಏಕೆ ಸುಮ್ಮನಿರುತ್ತಾರೆ? ‘ಕಾಲ ಕೆಟ್ಟಿದೆ’ ಎಂಬುದು ಸುಲಭದ ಉತ್ತರ. ಬಿಬ್ ಲಟಾನೆ ಮತ್ತು ಜಾನ್ ಡಾರ್ಲಿ ಎಂಬ ಅಮೆರಿಕದ ಮನೋವಿಜ್ಞಾನಿಗಳು 1968ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೆಯದನ್ನೇ ಹೇಳುತ್ತದೆ. ವಿದ್ಯಾರ್ಥಿಗಳನ್ನು ಕೋಣೆಯಲ್ಲಿ ಕೂರಿಸಿ, ಪ್ರಶ್ನಾವಳಿ ತುಂಬಲು ಕೊಟ್ಟು, ಗೋಡೆಯ ಸಂದಿನಿಂದ ಹೊಗೆ ಬಿಡುತ್ತಿದ್ದರು. ಒಬ್ಬನೇ ಕೂತಿದ್ದಾಗ ನಾಲ್ವರಲ್ಲಿ ಮೂವರು ಎದ್ದು ಹೋಗಿ ಹೊಗೆಯ ವಿಷಯ ತಿಳಿಸಿದರು. ಜೊತೆಗೆ ಇನ್ನಿಬ್ಬರನ್ನು ಕೂರಿಸಿ, ಅವರು ಹೊಗೆಯನ್ನು ಕಂಡೂ ಬರೆಯುತ್ತಲೇ ಇರುವಂತೆ ಮೊದಲೇ ಹೇಳಿಕೊಟ್ಟಾಗ, ಹತ್ತರಲ್ಲಿ ಒಬ್ಬ ಮಾತ್ರ ಎದ್ದ. ಉಳಿದವರು ಕೆಮ್ಮುತ್ತ, ಕಣ್ಣುಜ್ಜುತ್ತ ಕೂತರು. ಆಮೇಲೆ ವಿಚಾರಿಸಿದರೆ ಆವಿ ಇರಬೇಕು ಎಂದುಕೊಂಡೆ ಎಂಬಂಥ ಉತ್ತರಗಳು. ಅವರು ಹೇಡಿಗಳೂ ಅಲ್ಲ, ಕಲ್ಲೆದೆಯವರೂ ಅಲ್ಲ. ಪಕ್ಕದವನ ಮುಖ ನೋಡಿದರು, ಅವನು ನಿಶ್ಚಿಂತನಾಗಿದ್ದ, ಹಾಗಾದರೆ ಏನೂ ಆಗಿಲ್ಲ ಎಂದುಕೊಂಡರು. ಬಸ್ಸಿನಲ್ಲಿ ಎಲ್ಲರೂ ಒಬ್ಬರ ಮುಖವನ್ನೊಬ್ಬರು ಹೀಗೆಯೇ ಓದುತ್ತಿರುತ್ತಾರೆ. ಪ್ರತಿಯೊಬ್ಬನ ಒಳಗೂ ಅನುಮಾನವಿದೆ, ಹೊರಗೆ ಯಾರ ಮುಖದಲ್ಲೂ ಅದು ಇಲ್ಲ.

ಇದಕ್ಕೆ ಇನ್ನೊಂದು ಅನುಮಾನ ಸೇರಿಕೊಳ್ಳುತ್ತದೆ. ಅವನು ಅವಳ ಕಡೆಯವನೇ ಆಗಿದ್ದರೆ? 1976ರಲ್ಲಿ ಶಾಟ್‌ಲ್ಯಾಂಡ್ ಮತ್ತು ಸ್ಟ್ರಾ ಎಂಬ ಸಂಶೋಧಕರು ಗಂಡಸೊಬ್ಬ ಹೆಂಗಸಿನ ಮೇಲೆ ಕೈಮಾಡುವ ನಾಟಕವನ್ನು ಜನರ ಕಣ್ಣೆದುರು ಆಡಿಸಿದರು. ಅವಳು ‘ನೀನು ಯಾರೋ ನನಗೆ ಗೊತ್ತಿಲ್ಲ’ ಎಂದು ಕೂಗಿದಾಗ ಶೇ. 65ರಷ್ಟು ಮಂದಿ ಮಧ್ಯೆ ಬಂದರು. ‘ನಿನ್ನನ್ನು ಯಾಕಾದರೂ ಮದುವೆಯಾದೆನೋ’ ಎಂದಾಗ ಬಂದವರು ಶೇ. 19 ಮಾತ್ರ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ನಮ್ಮಲ್ಲಿದ್ದರೂ ಆ ಬುದ್ಧಿ ನಮ್ಮೊಬ್ಬರದೇ ಅಲ್ಲ. (ಹೊಡೆಯುವವನು ಗಂಡನಾದರೆ ಬಿಡಿಸಬಾರದು ಎಂಬುದೂ ತಪ್ಪೇ. ಅದು ಬೇರೆ ಲೇಖನದ ಮಾತು.)

ಹಾಗಿದ್ದರೆ ಕಿರುಕುಳ ಕೊಡುವವನ ನಿಜವಾದ ಬಲ ಅವನ ತೋಳಿನಲ್ಲಿಲ್ಲ, ಸುತ್ತಲಿನವರ ಅನುಮಾನದಲ್ಲಿದೆ. ಸಣ್ಣದೊಂದು ಮಾತು ಕೆಲಸ ಮಾಡುವುದು ಇಲ್ಲಿಯೇ. ಅವನ ಕಾಲರ್ ಹಿಡಿಯಬೇಕಾಗಿಲ್ಲ, ಅವನೊಡನೆ ಮಾತೂ ಬೇಡ. ಮಾತಾಡಬೇಕಾದದ್ದು ಅವಳೊಡನೆ.

ಮೇಲೆ ಹೇಳಿದ ಬಸ್ಸಿನಲ್ಲೇ ನೀವು ನಿಂತಿದ್ದೀರಿ ಎಂದುಕೊಳ್ಳಿ. ‘ಅಕ್ಕಾ, ಕಾರ್ಪೊರೇಷನ್ ಬಂತಾ?’ ಎಂದು ಅವಳನ್ನು ಕೇಳಿ, ನಾಲ್ಕು ಜನಕ್ಕೆ ಕೇಳುವಷ್ಟು ದನಿಯಲ್ಲಿ. ಉತ್ತರ ನಿಮಗೆ ಗೊತ್ತಿರಲಿ ಬಿಡಲಿ. ಕೇಳುತ್ತಲೇ ಒಂದು ಹೆಜ್ಜೆ ಮುಂದಿಟ್ಟು ಅವನಿಗೂ ಅವಳಿಗೂ ನಡುವೆ ಭುಜ ತೂರಿಸಿ ನಿಲ್ಲಿ. ನೀವು ಗಂಡಸಾಗಿದ್ದರೆ ಅವಳಿಗೆ ತಾಕದಷ್ಟು ದೂರವಿರಲಿ, ಇಲ್ಲದಿದ್ದರೆ ಅವಳ ಪಾಲಿಗೆ ನೀವು ಎರಡನೆಯವನು. ಕೂತಿರುವ ಹೆಂಗಸಾಗಿದ್ದರೆ ಇನ್ನೂ ಸುಲಭ: ‘ಬಾಮ್ಮ, ಇಲ್ಲಿ ಕೂತ್ಕೊ’ ಎಂದು ಎದ್ದುಬಿಡಬಹುದು. ಕಿರುಕುಳ ಕೊಡುವವರಲ್ಲಿ ಬಹಳ ಮಂದಿ ಇಷ್ಟಕ್ಕೇ ಹಿಂದೆ ಸರಿಯುತ್ತಾರೆ, ಯಾಕೆಂದರೆ ಯಾರೋ ನೋಡುತ್ತಿದ್ದಾರೆ ಎಂಬುದು ಈಗ ಅವರಿಗೆ ಗೊತ್ತಾಗಿದೆ.

ಅವನು ಸರಿಯದಿದ್ದರೆ ಮುಂದಿನ ಪ್ರಶ್ನೆಯೂ ಅವಳಿಗೇ: ‘ಇವರು ನಿಮ್ಮ ಜೊತೆಯವರಾ?’ ಅವಳು ಇಲ್ಲವೆಂದು ತಲೆಯಾಡಿಸಿದರೂ ಸಾಕು, ಸುತ್ತಲಿನವರ ಎರಡೂ ಅನುಮಾನ ಒಟ್ಟಿಗೆ ತೊಲಗುತ್ತವೆ. ಆಗ ಒಬ್ಬರನ್ನು ಗುರುತು ಹೇಳಿ ಕರೆಯಿರಿ. ‘ನೀಲಿ ಶರ್ಟಿನ ಅಣ್ಣಾ, ಸ್ವಲ್ಪ ಕಂಡಕ್ಟರನ್ನ ಕರೀರಿ.’ ‘ಯಾರಾದ್ರೂ ಕರೀರಿ’ ಎಂದರೆ ಯಾರೂ ಕದಲುವುದಿಲ್ಲ. ಕಂಡಕ್ಟರ್ ಸೀಟಿ ಊದಿದರೆ ಬಸ್ಸು ನಿಲ್ಲುತ್ತದೆ. ಅವನನ್ನು ಇಳಿಸಬೇಕೇ, ಬಸ್ಸನ್ನು ಠಾಣೆಯ ಮುಂದೆ ನಿಲ್ಲಿಸಬೇಕೇ ಎಂಬುದನ್ನು ಅವಳನ್ನು ಕೇಳಿಯೇ ತೀರ್ಮಾನಿಸಬೇಕು. 112ಕ್ಕೆ ಕರೆ ಮಾಡುವುದಾದರೆ ಬಸ್ಸಿನ ರೂಟ್ ನಂಬರು, ನೋಂದಣಿ ಸಂಖ್ಯೆ, ಈಗ ದಾಟಿದ ಸ್ಟಾಪು, ಮುಂದಿನ ಸ್ಟಾಪು, ಇಷ್ಟನ್ನು ಮೊದಲು ಹೇಳಿ. ಕಥೆ ಆಮೇಲೆ.

ಅನುಮಾನ ತೊಲಗಿದರೆ ಜನ ನಿಜವಾಗಿಯೂ ಮುಂದೆ ಬರುತ್ತಾರೆಯೇ? ಲ್ಯಾಂಕಾಸ್ಟರ್, ಆಮ್‌ಸ್ಟರ್‌ಡ್ಯಾಮ್, ಕೇಪ್‌ಟೌನ್ ನಗರಗಳ ಸಿಸಿಟಿವಿಯಲ್ಲಿ ಸೆರೆಯಾದ 219 ಬೀದಿಜಗಳಗಳನ್ನು ಸಂಶೋಧಕರು ಪರಿಶೀಲಿಸಿ 2019ರಲ್ಲಿ ವರದಿ ಮಾಡಿದರು. ಹತ್ತರಲ್ಲಿ ಒಂಬತ್ತು ಪ್ರಕರಣಗಳಲ್ಲಿ ಕನಿಷ್ಠ ಒಬ್ಬರಾದರೂ ಮಧ್ಯೆ ಬಂದಿದ್ದರು. ಜನ ಹೆಚ್ಚಿದ್ದಷ್ಟೂ ನೆರವು ಸಿಗುವ ಸಾಧ್ಯತೆಯೂ ಹೆಚ್ಚು. ಹೊಗೆಯ ಕೋಣೆಗೆ ಇದು ತದ್ವಿರುದ್ಧ ಎನಿಸಬಹುದು, ಆದರೆ ಬೀದಿಜಗಳ ಎಲ್ಲರಿಗೂ ಕಾಣುವಂಥದ್ದು, ಅಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಬಸ್ಸಿನ ಕಿರುಕುಳ ಮರೆಯಲ್ಲಿ ನಡೆಯುತ್ತದೆ. ಮರೆ ಸರಿಸುವವರೆಗೆ ಮಾತ್ರ ಗುಂಪು ಅವನ ಪರ.

ಎಲ್ಲ ಕಡೆಯೂ ಮುಂದೆ ಹೋಗಬಾರದು. ರಾತ್ರಿಯ ಖಾಲಿ ಬಸ್ಸು, ಕುಡಿದ ಮೂರು ನಾಲ್ಕು ಜನರ ಗುಂಪು, ಕೈಯಲ್ಲಿ ಬಾಟಲಿ ಕಂಡರೆ ಭುಜ ತೂರಿಸುವ ಕೆಲಸ ಬೇಡ. ಡ್ರೈವರ್ ಬಳಿ ಹೋಗಿ ದೀಪ ಹಾಕಿಸಿ, ಜನರಿರುವ ಕಡೆ ನಿಲ್ಲಿಸಲು ಹೇಳಿ, ಅಲ್ಲಿಂದಲೇ 112ಕ್ಕೆ ಫೋನ್ ಮಾಡಿ. ಇನ್ನೊಂದು ಅಪಾಯ ನಮ್ಮ ಕಡೆಯಿಂದಲೇ ಬರುವಂಥದ್ದು: ಧರ್ಮದೇಟು. ಹೊಡೆತ ಶುರುವಾದ ಕೂಡಲೇ ಅದು ಗಂಡಸರ ಜಗಳವಾಗುತ್ತದೆ, ಅವಳು ಮೂಲೆಗೆ ಸರಿಯುತ್ತಾಳೆ, ಠಾಣೆಯಲ್ಲಿ ಹೊಡೆದವನ ಮೇಲೂ ದೂರು ಬೀಳಬಹುದು.

ವಿಡಿಯೊ ಮಾಡುವುದು ಬೇರೆ ಯಾರಾದರೂ ಅವಳ ಪಕ್ಕದಲ್ಲಿ ನಿಂತ ಮೇಲಿನ ಕೆಲಸ. ಮಾಡಿದ್ದನ್ನು ಅವಳ ಕೈಗೆ ಕೊಡಬೇಕು. ಅವಳ ಮುಖವಿರುವ ತುಣುಕನ್ನು ಗ್ರೂಪುಗಳಿಗೆ ಹಾಕಿದರೆ ಒಬ್ಬನಿಂದಾದ ಅವಮಾನವನ್ನು ಸಾವಿರ ಜನರೆದುರು ಮತ್ತೆ ಆಡಿಸಿದಂತೆ.

ಎಲ್ಲವೂ ಮುಗಿದ ಮೇಲೆ ನಿಮಗೆ ತಿಳಿದರೂ ಮಾಡುವುದಿದೆ. ‘ನಾನು ನೋಡಿದೆ. ನಿಮ್ಮದೇನೂ ತಪ್ಪಿಲ್ಲ. ಯಾರಿಗಾದರೂ ಫೋನ್ ಮಾಡ್ತೀರಾ?’ ಎಂದು ಅವಳ ಬಳಿ ಹೇಳಬಹುದು. ದೂರು ಕೊಡಬೇಕೆನಿಸಿದರೆ ಭಾರತೀಯ ನ್ಯಾಯ ಸಂಹಿತೆಯ 74 ಮತ್ತು 75ನೇ ಕಲಂಗಳು ಇಂಥದ್ದಕ್ಕೇ ಇವೆ. ಓಡುವ ಬಸ್ಸಿನಲ್ಲಿ ಘಟನೆ ಯಾವ ಠಾಣೆಯ ಸರಹದ್ದಿನಲ್ಲಿ ನಡೆಯಿತು ಎಂದು ಅವಳು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು, ಅದನ್ನು ಸಂಬಂಧಪಟ್ಟ ಠಾಣೆಗೆ ಕಳುಹಿಸುವುದು ಪೊಲೀಸರ ಹೊಣೆ. ಟಿಕೆಟ್ ಎಸೆಯದೆ ಇಟ್ಟುಕೊಳ್ಳಲು ಅವಳಿಗೆ ಹೇಳಿ, ಅದರ ಮೇಲೆ ದಿನಾಂಕ, ಸಮಯ ಇರುತ್ತವೆ. ಸಾಕ್ಷಿಯಾಗಿ ಬೇಕಾದರೆ ಇರಲಿ ಎಂದು ನಿಮ್ಮ ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಡಿ. ಅವಳ ನಂಬರು ಕೇಳಬೇಡಿ.