ಹಸಿರು ಚೌಕಗಳ ಹಿಂದಿನ ಕೆಲಸ

ಸಾಫ್ಟ್‌ವೇರ್ ಕೆಲಸಕ್ಕೆ ಅರ್ಜಿ ಹಾಕುವ ಹೊಸಬರ ಬಯೋಡೇಟಾದಲ್ಲಿ 'ಅನುಭವ' ಎಂಬ ಜಾಗ ಖಾಲಿಯಿರುವುದು ಸಹಜ. ಈಗೀಗ ಆ ಜಾಗದಲ್ಲಿ ಒಂದು ಗಿಟ್‌ಹಬ್ ವಿಳಾಸ ಬಂದು ಕೂತಿರುತ್ತದೆ. ಅಭ್ಯರ್ಥಿ ಬರೆದ ಪ್ರೋಗ್ರಾಂಗಳೆಲ್ಲ ಅಲ್ಲಿ ಇರುತ್ತವೆ. ಯಾರು ಬೇಕಾದರೂ ತೆರೆದು ನೋಡಬಹುದು. ಆದರೆ ಅದನ್ನು ಹೇಗೆ ಓದಬೇಕು, ಎಷ್ಟರ ಮಟ್ಟಿಗೆ ನಂಬಬೇಕು ಎಂಬುದು ಆಯ್ಕೆ ಮಾಡುವವರಲ್ಲೇ ಅನೇಕರಿಗೆ ಸ್ಪಷ್ಟವಿಲ್ಲ. ಮುಖಪುಟದ ಹಸಿರು ಚೌಕಗಳನ್ನೂ ನಕ್ಷತ್ರಗಳನ್ನೂ ಎಣಿಸಿ ಮುಂದಿನ ಅರ್ಜಿಗೆ ಹೋಗುವವರಿದ್ದಾರೆ. ನಿಜವಾದ ಸಾಕ್ಷ್ಯ ಇರುವುದು ಮುಖಪುಟದಲ್ಲಲ್ಲ, ಒಳಗೆ.

ಹಾಸನದ ಕಡೆಯ ಒಬ್ಬ ಬಿಸಿಎ ಪದವೀಧರೆ ಅರ್ಜಿ ಹಾಕಿದ್ದಾಳೆ ಎಂದು ಇಟ್ಟುಕೊಳ್ಳೋಣ. ಸಂಬಳದ ಕೆಲಸ ಇನ್ನೂ ಮಾಡಿಲ್ಲ. ಊರಿನ ಹಾಲಿನ ಡೇರಿಯ ಲೆಕ್ಕ ಇಡಲು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದಾಳೆ. ರೈತರು ಬೆಳಗ್ಗೆ, ಸಂಜೆ ಎರಡು ಹೊತ್ತು ಹಾಲು ಹಾಕುತ್ತಾರೆ. ಎಷ್ಟು ಲೀಟರ್, ಫ್ಯಾಟ್ ಎಷ್ಟು ಎಂಬುದರ ಮೇಲೆ ದರ ನಿಗದಿಯಾಗುತ್ತದೆ. ಗೊತ್ತಾದ ದಿನ ಬಟವಾಡೆ. ಕೆಲಸದ ಸ್ವರೂಪ ಇಷ್ಟೇ.

ಇದನ್ನು ನೋಡುವವರು ಮೊದಲು ಮಾಡಬೇಕಾದದ್ದು, ಆ ಕೋಡನ್ನು ಬೇರೊಂದು ಕಂಪ್ಯೂಟರಿಗೆ ಇಳಿಸಿಕೊಂಡು, README ಕಡತದಲ್ಲಿ ಬರೆದಿರುವಂತೆಯೇ ನಡೆಸಿ ನೋಡುವುದು. ತನ್ನ ಲ್ಯಾಪ್‌ಟಾಪಿನಲ್ಲಿ ಓಡುವ ಪ್ರೋಗ್ರಾಂ ಬೇರೆಯವರ ಬಳಿಯೂ ಓಡಬೇಕಾದರೆ ಏನೇನು ಹೇಳಬೇಕು ಎಂದು ಯೋಚಿಸಿದವರು ಹೊಸಬರಲ್ಲಿ ಕಡಿಮೆ. ಯಾವ ಲೈಬ್ರರಿ ಬೇಕು ಎಂಬ ಪಟ್ಟಿಯೇ ಇರುವುದಿಲ್ಲ. ಕೆಲವೊಮ್ಮೆ ಡೇಟಾಬೇಸಿನ ಪಾಸ್‌ವರ್ಡೇ ಕೋಡಿನೊಳಗೆ ಉಳಿದಿರುತ್ತದೆ. ಅದನ್ನು ಆಮೇಲೆ ಅಳಿಸಿದರೂ ಹಳೆಯ ಕಮಿಟ್‌ಗಳಲ್ಲಿ ಹಾಗೇ ಕಾಣುತ್ತಿರುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿರುವುದಿಲ್ಲ.

ಎರಡನೆಯದು ಚರಿತ್ರೆ. 2005ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಕೆಲಸಕ್ಕೆಂದು ಕಟ್ಟಿದ ಗಿಟ್, ಕಮಿಟ್ ಆದ ಪ್ರತಿ ಬದಲಾವಣೆಯನ್ನೂ ಯಾರು, ಯಾವಾಗ, ಏಕೆ ಮಾಡಿದರೆಂಬ ಟಿಪ್ಪಣಿಯೊಂದಿಗೆ ಇಟ್ಟುಕೊಳ್ಳುತ್ತದೆ. ಈ ಎರಡು ಆಜ್ಞೆ ಕೊಟ್ಟರೆ ಅದೆಲ್ಲ ತೆರೆದುಕೊಳ್ಳುತ್ತದೆ:

```
git log --format='%h %an %ad %s'
git shortlog -sn
```

ಮೊದಲನೆಯದು ಕೆಲಸದ ದಿನಚರಿ. ಎರಡನೆಯದು ಯಾರ ಹೆಸರಿನಲ್ಲಿ ಎಷ್ಟು ಕಮಿಟ್ ಇದೆ ಎಂಬ ಲೆಕ್ಕ. ನಮ್ಮ ಡೇರಿ ಪ್ರೋಗ್ರಾಂನಲ್ಲಿ ಹತ್ತು ವಾರಗಳ ಉದ್ದಕ್ಕೂ ಸಣ್ಣ ಸಣ್ಣ ಕಮಿಟ್‌ಗಳಿವೆ. ಆರನೇ ವಾರದ ಒಂದರಲ್ಲಿ, ಬಟವಾಡೆ ಮೊತ್ತದಲ್ಲಿ ಪೈಸೆ ತಪ್ಪುತ್ತಿದೆ, ಸರಿಪಡಿಸಿದೆ ಎಂಬ ಟಿಪ್ಪಣಿ ಇದೆ. ಓದುವವರು ನಿಲ್ಲಬೇಕಾದದ್ದು ಇಲ್ಲಿ. ಏಕೆಂದರೆ ಪೈಥಾನ್‌ನಲ್ಲಿ ಹೀಗಾಗುತ್ತದೆ:

```
>>> round(2.675, 2)
2.67
```

ಶಾಲೆಯ ಲೆಕ್ಕದಲ್ಲಿ ಉತ್ತರ 2.68 ಬರಬೇಕಿತ್ತು. ಕಂಪ್ಯೂಟರ್ ದಶಾಂಶ ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವುದರಿಂದ 2.675 ಎಂಬುದು ಅದರೊಳಗೆ ಕೂದಲೆಳೆಯಷ್ಟು ಕಡಿಮೆ ಇರುತ್ತದೆ. ಆದ್ದರಿಂದ ಕೆಳಕ್ಕೆ ಇಳಿಯುತ್ತದೆ. ಹುಡುಗಿ ಪ್ರೋಗ್ರಾಂನ ಮೊತ್ತವನ್ನು ಡೇರಿಯ ಪುಸ್ತಕದ ಜೊತೆ ತಾಳೆ ನೋಡಿ ವ್ಯತ್ಯಾಸ ಹಿಡಿದಿದ್ದಾಳೆ, ಹಣದ ಲೆಕ್ಕವನ್ನೆಲ್ಲ `Decimal` ಎಂಬ ಬಗೆಗೆ ಬದಲಿಸಿದ್ದಾಳೆ, ಅದೇ ತಪ್ಪು ಮತ್ತೆ ಬಾರದಂತೆ ಒಂದು ಪರೀಕ್ಷೆಯನ್ನೂ ಬರೆದಿಟ್ಟಿದ್ದಾಳೆ. ತಪ್ಪು ಕಂಡದ್ದು, ಕಾರಣ ಹುಡುಕಿದ್ದು, ಕಾವಲು ಹಾಕಿದ್ದು, ಮೂರೂ ಆ ಒಂದು ಕಮಿಟ್‌ನಲ್ಲಿವೆ. ಅಚ್ಚುಕಟ್ಟಾದ ಪರದೆಯ ಹತ್ತು ಪ್ರಾಜೆಕ್ಟುಗಳಿಗಿಂತ ಇದರ ತೂಕ ಹೆಚ್ಚು.

ಇಷ್ಟಾದರೂ ಇದು ಅವಳದೇ ಕೆಲಸ ಎಂದು ಚರಿತ್ರೆಯೊಂದರಿಂದಲೇ ತೀರ್ಮಾನಿಸಲಾಗದು. ಗಿಟ್‌ನಲ್ಲಿ ಹೆಸರನ್ನೂ ದಿನಾಂಕವನ್ನೂ ಬರೆಯುವವರೇ ನಿಗದಿ ಮಾಡಬಹುದು. ಹಿಂದಿನ ದಿನಾಂಕ ಹಾಕಿ ಇಡೀ ವರ್ಷದ ಚೌಕಗಳಿಗೆ ಹಸಿರು ಬಳಿಯುವ ಪುಟ್ಟ ಪ್ರೋಗ್ರಾಂಗಳೇ ಸಿಗುತ್ತವೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡಿಗೆ ಮಾಡಿಕೊಡುವವರೂ ಇದ್ದಾರೆ. ಹಾಗಾಗಿ ಮೂರನೆಯ ಹೆಜ್ಜೆ ಬೇಕು: ಅರ್ಧ ಗಂಟೆ ಎದುರು ಕೂತು, ಅದೇ ಕೋಡನ್ನು ತೆರೆದಿಟ್ಟುಕೊಂಡು ಒಂದು ಸಣ್ಣ ಬದಲಾವಣೆ ಕೇಳುವುದು.

"ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಹಾಲಿನ ದರ ಏರುತ್ತದೆ. ನಿಮ್ಮ ಪ್ರೋಗ್ರಾಂನಲ್ಲಿ ಎಲ್ಲಿ ಬದಲಿಸುತ್ತೀರಿ?"

ಕೋಡನ್ನು ಎಲ್ಲಿಂದಲೋ ತಂದವರು ದರ ಬರೆದಿರುವ ಸಾಲು ಹುಡುಕಿ ಅಂಕಿ ತಿದ್ದುತ್ತಾರೆ. ಕಟ್ಟಿದವರಾದರೆ ಒಂದು ಗಳಿಗೆ ಯೋಚಿಸುತ್ತಾರೆ. "ಅಲ್ಲಿ ಬದಲಿಸಿದರೆ ಹೋದ ತಿಂಗಳ ಲೆಕ್ಕವೂ ಹೊಸ ದರಕ್ಕೆ ಹೋಗಿಬಿಡುತ್ತೆ ಸರ್. ದರಕ್ಕೆ ಬೇರೆ ಟೇಬಲ್ ಮಾಡಿ, ಯಾವ ದಿನದಿಂದ ಅಂತ ಇಡಬೇಕು." ಈ ಉತ್ತರ ಬಂದರೆ ಅನುಮಾನಕ್ಕೆ ಹೆಚ್ಚು ಎಡೆಯಿಲ್ಲ. ಥಟ್ಟನೆ ಹೊಳೆಯದೆ, ಒಂದು ಸುಳಿವು ಕೊಟ್ಟ ಮೇಲೆ ಅಲ್ಲಿಗೆ ಬಂದರೂ ಸಾಕು. ಹೊಸಬರಿಂದ ನಿರೀಕ್ಷಿಸಬೇಕಾದದ್ದು ಅಷ್ಟೇ.

ಎಣಿಕೆಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ 2020ರ ಹ್ಯಾಕ್ಟೋಬರ್‌ಫೆಸ್ಟ್ ಕಣ್ಣೆದುರಿನ ಉದಾಹರಣೆ. ಡಿಜಿಟಲ್‌ಓಶನ್ ಕಂಪನಿ 2014ರಿಂದ ಪ್ರತಿ ಅಕ್ಟೋಬರಿನಲ್ಲಿ ನಡೆಸುತ್ತ ಬಂದ ಈ ಕಾರ್ಯಕ್ರಮದಲ್ಲಿ, ಮುಕ್ತ ತಂತ್ರಾಂಶಗಳಿಗೆ ಇಂತಿಷ್ಟು ತಿದ್ದುಪಡಿ ಕಳಿಸಿದವರಿಗೆ ಟೀ ಶರ್ಟ್ ಸಿಗುತ್ತಿತ್ತು. ಆ ವರ್ಷ README ಕಡತಕ್ಕೆ ಒಂದೆರಡು ಪದ ಸೇರಿಸಿದ ಅರ್ಥವಿಲ್ಲದ ತಿದ್ದುಪಡಿಗಳು ಹೊಳೆಯಂತೆ ಹರಿದುಬಂದು, ಅವನ್ನು ನೋಡಿಕೊಳ್ಳುವ ಸ್ವಯಂಸೇವಕರು ಬೇಸತ್ತುಹೋದರು. ಕೆಲವೇ ದಿನಗಳಲ್ಲಿ ನಿಯಮ ಬದಲಾಗಿ, ತಾವಾಗಿ ಒಪ್ಪಿದ ಪ್ರಾಜೆಕ್ಟುಗಳಿಗೆ ಕಳಿಸಿದ್ದು ಮಾತ್ರ ಲೆಕ್ಕಕ್ಕೆ ಬರುವಂತಾಯಿತು. ಆ ತಿದ್ದುಪಡಿಗಳೂ ಮುಖಪುಟದ ಎಣಿಕೆಯಲ್ಲಿ ಬೇರೆಲ್ಲ ಕೆಲಸದಂತೆಯೇ ಕಾಣುವಂಥವು.

ಬೇರೆಯವರ ಪ್ರಾಜೆಕ್ಟಿಗೆ ಕಳಿಸಿದ ತಿದ್ದುಪಡಿ ಒಂದೇ ಇದ್ದರೂ ಅದರ ಕೆಳಗಿನ ಮಾತುಕತೆ ಓದಬೇಕು. ಹಿರಿಯರು ಹೀಗಲ್ಲ ಎಂದಾಗ ಅಭ್ಯರ್ಥಿ ಏನು ಮಾಡಿದ್ದಾರೆ, ಎರಡನೇ ಸಲ ತಿದ್ದಿ ಕಳಿಸಿದ್ದಾರೆಯೇ ಎಂಬುದು ಅಲ್ಲಿ ಗೊತ್ತಾಗುತ್ತದೆ. ಒಬ್ಬರೇ ಕೂತು ಮಾಡಿದ ಪ್ರಾಜೆಕ್ಟಿನಲ್ಲಿ ಇದು ಎಂದೂ ಕಾಣಸಿಗದು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಇಡೀ ಕೋಡು ಒಂದೇ ದಿನ ಬಂದಿದ್ದು, ಟಿಪ್ಪಣಿಯಲ್ಲಿ `Add files via upload` ಎಂದಷ್ಟೇ ಇದ್ದರೆ ಕದ್ದದ್ದು ಎಂದು ಬದಿಗಿಡುವವರಿದ್ದಾರೆ. ಅದು ಅನ್ಯಾಯ. ಬ್ರೌಸರಿನಿಂದ ಕಡತ ಏರಿಸಿದಾಗ ಗಿಟ್‌ಹಬ್ ತಾನೇ ಹಾಕುವ ಸಾಲು ಅದು. ಕಾಲೇಜಿನ ಲ್ಯಾಬಿನಲ್ಲಿ ಪೆನ್‌ಡ್ರೈವ್ ಹಿಡಿದು ಕೆಲಸ ಮಾಡಿದವರ ಚರಿತ್ರೆ ಹಾಗೆಯೇ ಇರುತ್ತದೆ. ಗಿಟ್ ಬರುವುದಿಲ್ಲ ಎಂದಷ್ಟೇ ಅದರಿಂದ ತಿಳಿಯಬಹುದು. ಗಿಟ್ ಕಲಿಯಲು ವಾರ ಸಾಕು. ಹಗಲು ಅಂಗಡಿಯಲ್ಲಿ ದುಡಿದು ಓದಿದವರಿಗೆ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಂಡವರಿಗೆ ತೋರಿಸಲು ಪ್ರಾಜೆಕ್ಟೇ ಇಲ್ಲದಿರಬಹುದು. ಅಂಥವರಿಗೆ ಎಲ್ಲರಿಗೂ ಒಂದೇ ಆದ ಒಂದು ಗಂಟೆಯ ಸಣ್ಣ ಕೆಲಸ ಕೊಟ್ಟು ನೋಡುವುದು ಸರಿಯಾದ ದಾರಿ.

ಸಂಬಳದ ಅನುಭವವಾದರೂ ಅಷ್ಟು ಗಟ್ಟಿ ಸಾಕ್ಷ್ಯವೇ? 1998ರಲ್ಲಿ ಫ್ರಾಂಕ್ ಸ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಅನುಭವದ ವರ್ಷಗಳಿಗೂ ಮುಂದಿನ ಕೆಲಸದ ಗುಣಕ್ಕೂ ಇದ್ದ ನಂಟು 0.18 ಮಾತ್ರ, ಕೆಲಸದ ಮಾದರಿ ಮಾಡಿಸಿ ನೋಡುವುದಕ್ಕೆ 0.54. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಲೆಕ್ಕ ತಿದ್ದಿದಾಗ ಕೆಲಸದ ಮಾದರಿ 0.33ಕ್ಕೆ ಇಳಿಯಿತು, ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಅಳತೆ ಇಟ್ಟುಕೊಂಡ ಸಂದರ್ಶನ 0.42ರೊಂದಿಗೆ ಮೇಲೆ ಬಂತು. ಮನೆಯಲ್ಲಿ ತಮ್ಮಿಷ್ಟದಂತೆ ಮಾಡಿದ ಪ್ರಾಜೆಕ್ಟು ಈ ಅರ್ಥದ 'ಮಾದರಿ' ಅಲ್ಲ, ಏಕೆಂದರೆ ಒಬ್ಬೊಬ್ಬರದೂ ಬೇರೆ ಕೆಲಸ, ಬೇರೆ ಸಮಯ. ಆದ್ದರಿಂದ ಕೋಡು ಓದುವುದು ಆ ಸಂದರ್ಶನಕ್ಕೆ ತಯಾರಿಯಾಗಬೇಕೇ ಹೊರತು ಅದರ ಬದಲಿ ಆಗಬಾರದು.

ಅರ್ಜಿ ಹಾಕುವವರಿಗೆ ಒಂದು ಕೋರಿಕೆ. ನಾಲ್ವರು ಸೇರಿ ಮಾಡಿದ ಪ್ರಾಜೆಕ್ಟಾದರೆ ನೀವು ಮಾಡಿದ್ದು ಯಾವ ಭಾಗ, ಎಲ್ಲಿಂದ ಏನನ್ನು ತೆಗೆದುಕೊಂಡಿರಿ, ಇನ್ನೂ ಏನು ಸರಿಯಾಗಿಲ್ಲ ಎಂಬುದನ್ನು README ಕಡತದ ಮೊದಲ ಹತ್ತು ಸಾಲಿನಲ್ಲೇ ಬರೆದುಬಿಡಿ.