ಲಾಕರಿನ ಕರಾರುಪತ್ರವನ್ನು ಓದುವಾಗ

ಮಂಗಲ್ಪಾಡಿ, ಉಪ್ಪಳ, ಮಂಜೇಶ್ವರಗಳ ಕಡೆಯ ಮನೆಗಳಲ್ಲಿ ಹೆಣ್ಣುಮಕ್ಕಳ ಚಿನ್ನ ಈಗ ಪತ್ತಾಯದ ಮೂಲೆಯಲ್ಲಾಗಲಿ ಮರದ ಪೆಟ್ಟಿಗೆಯ ಕಳ್ಳಖಾನೆಯಲ್ಲಾಗಲಿ ಇರುವುದು ಅಪರೂಪ. ಗಂಡಸರು ಗಲ್ಫ್ ನಾಡಿನಲ್ಲಿಯೋ ಮುಂಬಯಿಯಲ್ಲಿಯೋ ದುಡಿಯುತ್ತಿರುವಾಗ ವೃದ್ಧರಷ್ಟೇ ಉಳಿದ ಮನೆಯಲ್ಲಿ ನಲವತ್ತು ಪವನನ್ನು ಇಟ್ಟುಕೊಂಡು ನಿದ್ರಿಸುವ ಧೈರ್ಯ ಯಾರಿಗಿದೆ? ಆದ್ದರಿಂದ ಅದು ಬ್ಯಾಂಕಿನ ಲಾಕರನ್ನು ಸೇರುತ್ತದೆ. ಆ ದಿನ ಮ್ಯಾನೇಜರರು ಮುಂದಿಟ್ಟ ಛಾಪಾ ಕಾಗದದ ಕರಾರುಪತ್ರಕ್ಕೆ ನಾವು ತೋರಿಸಿದ ಕಡೆಗಳಲ್ಲೆಲ್ಲ ಸಹಿ ಹಾಕಿ ಬರುತ್ತೇವೆ. ಅದರಲ್ಲಿ ಏನು ಬರೆದಿದೆ ಎಂದು ಓದುವವರು ವಿರಳ. ಕನ್ನಡ ಮಾತ್ರ ಬಲ್ಲ ನಮ್ಮ ಹಿರಿಯರಿಗಂತೂ ಇಂಗ್ಲಿಷಿನ ಆ ಪುಟಗಳು ಬರಿಯ ಕಪ್ಪು ಗೆರೆಗಳು.

ಈ ಕರಾರಿಗೆ ಇಂದಿನ ರೂಪ ಬಂದುದರ ಹಿಂದೆ ಕಲ್ಕತ್ತೆಯ ಒಂದು ಮೊಕದ್ದಮೆಯಿದೆ. ಅಲ್ಲಿ ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾದ ಶಾಖೆಯೊಂದರಲ್ಲಿ ತಾಯಿ ಮತ್ತು ಮಗನ ಹೆಸರಿನಲ್ಲಿ ಒಂದು ಲಾಕರಿತ್ತು. 1995ರಲ್ಲಿ ಮಗ ಬಾಡಿಗೆ ಕಟ್ಟಲೆಂದು ಹೋದಾಗ, ಬಾಡಿಗೆ ಬಾಕಿಯಿದ್ದ ಕಾರಣ ಹಿಂದಿನ ವರ್ಷದ ಸೆಪ್ಟೆಂಬರಿನಲ್ಲೇ ಪೆಟ್ಟಿಗೆಯನ್ನು ಒಡೆಯಲಾಯಿತೆಂದೂ ಅದನ್ನು ಬೇರೊಬ್ಬರಿಗೆ ಕೊಟ್ಟಾಯಿತೆಂದೂ ತಿಳಿಸಿದರು. ಆದರೆ ಆ ಬಾಕಿಯನ್ನು ಒಡೆಯುವುದಕ್ಕೆ ಮೊದಲೇ ಸಲ್ಲಿಸಲಾಗಿತ್ತು; ನೋಟೀಸೂ ಬಂದಿರಲಿಲ್ಲ. ಏಳು ಆಭರಣಗಳಿದ್ದವೆಂದು ಗ್ರಾಹಕರು ಹೇಳಿದರೆ, ಕೈಗೆ ಬಂದವು ಮೊಹರಿಲ್ಲದ ಲಕೋಟೆಯಲ್ಲಿದ್ದ ಎರಡು ಮಾತ್ರ. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಸಾಗಿ 2021ರ ಫೆಬ್ರವರಿ 19ರಂದು ತೀರ್ಪು ಹೊರಬಿತ್ತು. ಪೀಠದಲ್ಲಿ ನಮ್ಮ ಹಾವೇರಿ ಜಿಲ್ಲೆಯವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರರಿದ್ದರು. ಐದು ಲಕ್ಷ ರೂಪಾಯಿ ಪರಿಹಾರವನ್ನೂ ಒಂದು ಲಕ್ಷ ಖರ್ಚನ್ನೂ ಕೊಡಿಸಿದ ನ್ಯಾಯಾಲಯವು ಆರು ತಿಂಗಳೊಳಗೆ ನಿಯಮಗಳನ್ನು ರೂಪಿಸಬೇಕೆಂದು ರಿಸರ್ವ್ ಬ್ಯಾಂಕಿಗೆ ಅಪ್ಪಣೆ ಕೊಟ್ಟಿತು. ಆದರೆ ಪೆಟ್ಟಿಗೆಯೊಳಗೆ ನಿಜಕ್ಕೂ ಏಳು ಒಡವೆಗಳಿದ್ದವೇ ಎಂಬ ಪ್ರಶ್ನೆಯನ್ನು ಸಾಕ್ಷ್ಯ ಸಹಿತ ಸಿವಿಲ್ ನ್ಯಾಯಾಲಯದಲ್ಲಿ ಸ್ಥಾಪಿಸಬೇಕೆಂದು ಬಿಟ್ಟುಬಿಟ್ಟಿತು. ಒಳಗೇನಿದೆಯೆಂಬುದು ಬ್ಯಾಂಕಿಗೆ ತಿಳಿದಿರುವುದಿಲ್ಲ. ಒಡವೆಗಳ ಚಿತ್ರ, ತೂಕದ ಚೀಟಿ, ಕೊಂಡ ರಶೀದಿಗಳನ್ನು ನಾವೇ ಮನೆಯಲ್ಲಿ ಇಟ್ಟುಕೊಂಡಿರದಿದ್ದರೆ ಮುಂದೆ ಸಾಕ್ಷಿ ಎಲ್ಲಿಂದ ತರುವುದು?

2021ರ ಆಗಸ್ಟಿನಲ್ಲಿ ಹೊರಟ ನಿಯಮಗಳು 2022ರ ಜನವರಿ 1ರಿಂದ ಜಾರಿಗೆ ಬಂದವು. ಕರಾರುಪತ್ರದ ಒಂದು ಪ್ರತಿ ಗ್ರಾಹಕನ ಕೈಯಲ್ಲಿರಬೇಕು. ಅದನ್ನು ಮುಂದಿಟ್ಟುಕೊಂಡು ಬಾಡಿಗೆಯ ಕಲಮಿನಿಂದಲೇ ಓದಲು ತೊಡಗೋಣ. ವರ್ಷದ ಬಾಡಿಗೆ 2,000 ರೂಪಾಯಿ ಎಂದು ಇಟ್ಟುಕೊಳ್ಳುವಾ. ಹೊಸ ಗ್ರಾಹಕರಿಂದ ಮೂರು ವರ್ಷದ ಬಾಡಿಗೆ, ಅಂದರೆ 6,000 ರೂಪಾಯಿ, ಮತ್ತು ಪೆಟ್ಟಿಗೆ ಒಡೆಯುವ ಖರ್ಚು, ಇವೆರಡಕ್ಕೆ ಸಾಲುವಷ್ಟು ಠೇವಣಿಯನ್ನು ಬ್ಯಾಂಕು ಕೇಳಬಹುದು. ಲಕ್ಷಗಟ್ಟಲೆ ಠೇವಣಿ ಇಟ್ಟರೆ ಮಾತ್ರ ಲಾಕರು ಎಂಬ ಮಾತಿಗೆ ನಿಯಮದಲ್ಲಿ ಆಧಾರವಿಲ್ಲ. ಮುಂಗಡವಾಗಿ ಬಾಡಿಗೆ ಕಟ್ಟಿ ನಡುವೆ ಲಾಕರನ್ನು ಬಿಟ್ಟುಕೊಟ್ಟರೆ ಉಳಿದ ಅವಧಿಯ ಹಣ ಹಿಂದಿರುಗಬೇಕು.

ಮುಂದಿನದು ಹೊಣೆಯ ಕಲಮು. ನಮ್ಮವರು ಬೆಚ್ಚಿಬೀಳುವುದು ಇಲ್ಲಿಯೇ. ಬೆಂಕಿ, ಕಳವು, ದರೋಡೆ, ಕಟ್ಟಡದ ಕುಸಿತ ಅಥವಾ ನೌಕರರ ವಂಚನೆಯಿಂದ ಸೊತ್ತು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಾಲು. ನಮ್ಮ ಲೆಕ್ಕದಲ್ಲಿ ಅದು ಎರಡು ಲಕ್ಷ. ಒಳಗಿದ್ದುದು ನಲವತ್ತು ಪವನು. ಎರಡು ಲಕ್ಷಕ್ಕೆ ಈಗಿನ ಬೆಲೆಯಲ್ಲಿ ಮೂರು ಪವನೂ ಬಾರದು. ಭೂಕಂಪ, ನೆರೆ, ಸಿಡಿಲುಗಳಂಥ ದೈವಿಕ ಆಪತ್ತುಗಳಿಗೆ ಆ ಎರಡು ಲಕ್ಷವೂ ಇಲ್ಲ. ಆಟಿಯ ಮಳೆಯನ್ನೂ ತುಲಾಮಾಸದ ಸಿಡಿಲನ್ನೂ ಕಂಡ ಕರಾವಳಿಯವರು ಶಾಖೆ ತಗ್ಗಿನ ನೆಲದಲ್ಲಿದೆಯೇ, ಲಾಕರಿನ ಕೋಣೆ ನೆಲಮಾಳಿಗೆಯಲ್ಲಿದೆಯೇ ಎಂದು ಒಮ್ಮೆ ನೋಡಿಕೊಂಡರೆ ನಷ್ಟವೇನಿಲ್ಲ. ಬ್ಯಾಂಕು ಒಳಗಿನ ಸೊತ್ತಿಗೆ ವಿಮೆ ಮಾಡುವುದಿಲ್ಲ, ಮಾಡಿಸಿಕೊಡುವುದೂ ಇಲ್ಲ. ವಿಮೆ ಬೇಕಿದ್ದರೆ ನೇರವಾಗಿ ವಿಮಾ ಕಂಪೆನಿಯನ್ನೇ ಕಾಣಬೇಕು.

ಈಗ ನಾಮಿನಿಯ ವಿಚಾರ. ಒಂದು ಮನೆಯನ್ನು ಊಹಿಸೋಣ. ಲಾಕರು ಯಜಮಾನರೊಬ್ಬರ ಹೆಸರಿನಲ್ಲಿದೆ, ನಾಮಿನಿ ಪತ್ನಿ. ಅವರು ತೀರಿಕೊಂಡರು. ಪತ್ನಿಯು ಮರಣಪತ್ರವನ್ನೂ ತನ್ನ ಗುರುತಿನ ಪತ್ರವನ್ನೂ ಒಪ್ಪಿಸಿ ಅರ್ಜಿ ಕೊಟ್ಟರೆ ಹದಿನೈದು ದಿನಗಳೊಳಗೆ ಇತ್ಯರ್ಥವಾಗಬೇಕು. ಇಬ್ಬರು ಸಾಕ್ಷಿಗಳ ಎದುರಿನಲ್ಲಿ ಸೊತ್ತಿನ ಪಟ್ಟಿ ಮಾಡಿ ಆಕೆಗೆ ಬಿಟ್ಟುಕೊಡುತ್ತಾರೆ. ಮುಚ್ಚಿ ಮೊಹರು ಮಾಡಿದ ಪೊಟ್ಟಣವಿದ್ದರೆ ಬ್ಯಾಂಕು ಅದನ್ನು ಬಿಚ್ಚಬೇಕಾಗಿಲ್ಲ. ಆದರೆ ನಾಮಿನಿಯು ಒಡತಿಯಲ್ಲ. ಎಲ್ಲ ವಾರಸುದಾರರ ಪರವಾಗಿ ಸೊತ್ತನ್ನು ಸ್ವೀಕರಿಸುವ ನಂಬಿಗಸ್ತೆ ಮಾತ್ರ. ದುಬಾಯಿಯಲ್ಲಿರುವ ಮಗನ ಪಾಲೂ ಮದುವೆಯಾಗಿ ಹೋದ ಮಗಳ ಪಾಲೂ ಅದರೊಳಗಿರುತ್ತದೆ. ಇದನ್ನು ತಿಳಿಯದೆ ಒಡಹುಟ್ಟಿದವರು ಮಾತು ಬಿಟ್ಟ ಮನೆಗಳನ್ನು ನಾವು ಬಲ್ಲೆವು. ನಾಮಿನಿಯೂ ಇಲ್ಲದೆ, ‘ಇಬ್ಬರಲ್ಲಿ ಉಳಿದವರು’ ಎಂಬ ಸೂಚನೆಯೂ ಇಲ್ಲದೆ ಇದ್ದರೆ ವಾರಸುದಾರರೆಲ್ಲರ ದಾಖಲೆಪತ್ರಗಳಿಗಾಗಿ ತಿಂಗಳುಗಟ್ಟಲೆ ಅಲೆಯಬೇಕಾದೀತು. 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ಲಾಕರಿನ ಮಟ್ಟಿಗೆ ಅದು ಸರತಿಯಂತೆ: ಮೊದಲಿನವರು ಇಲ್ಲವಾದರೆ ಎರಡನೆಯವರು. ನಾಮಿನಿಯನ್ನು ದಾಖಲಿಸಿದ ಬಗ್ಗೆ ಬ್ಯಾಂಕು ಕೊಡುವ ಒಪ್ಪಿಗೆ ಚೀಟಿಯನ್ನು ಕೇಳಿ ಪಡೆದುಕೊಳ್ಳಿರಿ.

ಕೊನೆಗೆ ಒಡೆಯುವ ಕಲಮು. ಕೀಲಿ ಕಳೆದುಹೋಯಿತೆಂದು ನಾವೇ ಕೇಳಿಕೊಂಡರೆ ನಮ್ಮ ಖರ್ಚಿನಲ್ಲಿ ಒಡೆಯುತ್ತಾರೆ. ನ್ಯಾಯಾಲಯದ ಅಥವಾ ಸರಕಾರಿ ಅಧಿಕಾರಿಗಳ ಆಜ್ಞೆ ಬಂದಾಗಲೂ ಒಡೆಯಬಹುದು. ಬಾಡಿಗೆಯ ಕಾರಣಕ್ಕಾದರೋ, ಸತತ ಮೂರು ವರ್ಷ ಬಾಕಿಯಾಗಬೇಕು. ಅದಕ್ಕೆ ಮೊದಲು ಪತ್ರ, ಇಮೇಲು, ಮೊಬೈಲಿನ ಸಂದೇಶಗಳ ಮೂಲಕ ತಿಳಿಸಬೇಕು. ಪತ್ರ ಮರಳಿ ಬಂದರೆ ಒಂದು ಇಂಗ್ಲಿಷ್ ಮತ್ತು ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕಾಯಬೇಕು. ನಮ್ಮ ಗಡಿನಾಡಿನಲ್ಲಿ ಆ ಸ್ಥಳೀಯ ಭಾಷೆ ಮಲಯಾಳವೇ ಆದೀತು. ಕನ್ನಡ ಪತ್ರಿಕೆಯನ್ನಷ್ಟೇ ಓದುವ ಅಜ್ಜಿಗೆ ಅದು ಕಾಣುವುದೆಂತು? ಮನೆ ಬದಲಿಸಿದಾಗ, ಮಗ ಗಲ್ಫಿನ ಹೊಸ ಮೊಬೈಲ್ ಸಂಖ್ಯೆ ಪಡೆದಾಗ, ಬ್ಯಾಂಕಿಗೆ ಬರೆದು ತಿಳಿಸುವುದೇ ಇದಕ್ಕೆ ಇರುವ ದಾರಿ. ಒಡೆಯುವಾಗ ಬ್ಯಾಂಕಿನ ಅಧಿಕಾರಿಯೂ ಇಬ್ಬರು ಹೊರಗಿನ ಸಾಕ್ಷಿಗಳೂ ಇರಬೇಕು, ಚಿತ್ರೀಕರಣ ನಡೆಯಬೇಕು, ಸೊತ್ತಿನ ಪಟ್ಟಿಯಾಗಬೇಕು. ಆ ಮೇಲೆ ಎಲ್ಲವನ್ನೂ ಮೊಹರು ಮಾಡಿದ ಲಕೋಟೆಯಲ್ಲಿ ಬೆಂಕಿ ತಾಗದ ತಿಜೋರಿಯಲ್ಲಿಡಬೇಕು. ಕಲ್ಕತ್ತೆಯ ಆ ಮೊಹರಿಲ್ಲದ ಲಕೋಟೆಯ ನೆರಳು ಇಲ್ಲಿ ಕಾಣುತ್ತದಷ್ಟೇ.

ಇನ್ನೊಂದು ಷರತ್ತನ್ನು ಪರದೇಶದಲ್ಲಿರುವವರು ವಿಶೇಷವಾಗಿ ಗಮನಿಸಬೇಕು. ಬಾಡಿಗೆ ಖಾತೆಯಿಂದ ತಪ್ಪದೆ ಮುರಿದುಕೊಳ್ಳುತ್ತಿದ್ದರೂ, ಏಳು ವರ್ಷ ಲಾಕರನ್ನು ತೆರೆಯದೆ, ಗ್ರಾಹಕನ ಪತ್ತೆಯೂ ಹತ್ತದಿದ್ದರೆ, ಬ್ಯಾಂಕು ಸೊತ್ತನ್ನು ನಾಮಿನಿಗೋ ವಾರಸುದಾರರಿಗೋ ಒಪ್ಪಿಸಬಹುದು, ಇಲ್ಲವೇ ವಿಲೇವಾರಿ ಮಾಡಬಹುದು. ರಜೆಗೆ ಬಂದಾಗ ಒಮ್ಮೆ ಹೋಗಿ ತೆರೆದು ಬಂದರೆ ಸಾಕು. ಆ ಭೇಟಿಯ ಸಂದೇಶ ಅದೇ ದಿನ ಮೊಬೈಲಿಗೆ ಬರಬೇಕು. ತಾವು ಹೋಗದ ದಿನ ಅಂಥ ಸಂದೇಶ ಬಂದರೆ ತಡಮಾಡದೆ ವಿಚಾರಿಸಬೇಕು.

ಇಷ್ಟೆಲ್ಲ ರಿಸರ್ವ್ ಬ್ಯಾಂಕಿನ ಅಧೀನದ ಬ್ಯಾಂಕುಗಳ ಮಾತಾಯಿತು. ನಮ್ಮ ಊರೂರುಗಳಲ್ಲಿರುವ ಸೇವಾ ಸಹಕಾರಿ ಸಂಸ್ಥೆಗಳು ಜನರ ಬಾಯಲ್ಲಿ ಬ್ಯಾಂಕುಗಳೇ ಆದರೂ, ಪ್ರಾಥಮಿಕ ಕೃಷಿ ಸಾಲ ಸಂಘಗಳಾಗಿರುವವು ಬ್ಯಾಂಕಿಂಗ್ ಕಾನೂನಿನ ಕಕ್ಷೆಗೆ ಒಳಪಡುವುದಿಲ್ಲ. ಅಲ್ಲಿ ಲಾಕರಿಟ್ಟವರಿಗೆ ನೂರು ಪಾಲಿನ ಹೊಣೆ, ಮೂರು ವರ್ಷದ ಗಡುವು ಯಾವುದೂ ತಾನಾಗಿ ಅನ್ವಯಿಸದು; ಅವರ ಕಾಗದದಲ್ಲಿ ಬರೆದಿದ್ದರಷ್ಟೇ ಉಂಟು. ಅಲ್ಲಿ ಸಹಿ ಹಾಕುವ ಮೊದಲು ಕಾರ್ಯದರ್ಶಿಗಳೊಡನೆ ಹೊಣೆಯ ಕಲಮು, ಒಡೆಯುವ ಕಲಮು ಎಲ್ಲಿದೆಯೆಂದು ಕೇಳಿ, ಕನ್ನಡದಲ್ಲಿ ಓದಿಸಿಕೊಂಡು, ಒಂದು ನಕಲನ್ನು ಮನೆಗೆ ತನ್ನಿರಿ.